ಅಂಡಾಣುವನ್ನು ಎಬ್ಬಿಸುವ ಕ್ಯಾಲ್ಸಿಯಂ

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ‘ಇಕ್ಸಿ’ ಎಂಬ ವಿಧಾನವಿದೆ. ಕೂದಲಿಗಿಂತ ಸಪೂರವಾದ ಗಾಜಿನ ಸೂಜಿಯಲ್ಲಿ ಒಂದೇ ಒಂದು ವೀರ್ಯಾಣುವನ್ನು ಎತ್ತಿ ನೇರವಾಗಿ ಅಂಡಾಣುವಿನೊಳಗೆ ಬಿಡುತ್ತಾರೆ. 16ರಿಂದ 18 ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಎರಡು ದುಂಡು ಕೋಶಕೇಂದ್ರಗಳು ಅಕ್ಕಪಕ್ಕ ಕಾಣಬೇಕು. ಒಂದು ತಾಯಿಯದು, ಇನ್ನೊಂದು ತಂದೆಯದು. ಕೆಲವು ದಂಪತಿಗಳ ವಿಷಯದಲ್ಲಿ ಒಂದು ಅಂಡಾಣುವಿನಲ್ಲೂ ಅವು ಕಾಣುವುದಿಲ್ಲ. ವೀರ್ಯಾಣು ಒಳಗೆ ಹೋಗಿದೆ, ಅಂಡಾಣು ಹಾಳಾಗಿಲ್ಲ. ಆದರೂ ಅದು ನಿನ್ನೆ ಇದ್ದಂತೆಯೇ ಇದೆ.

ಅಂಡಾಶಯದಿಂದ ಹೊರಬರುವ ಅಂಡಾಣು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿಕೊಂಡ ಜೀವಕೋಶ. ತನ್ನ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಎರಡನೆಯ ವಿಭಜನೆಯ ನಡುವೆ ಅದು ತಡೆದು ನಿಂತಿರುತ್ತದೆ. ವೀರ್ಯಾಣು ತರುವ ವರ್ಣತಂತುಗಳಷ್ಟರಿಂದಲೇ ಈ ತಡೆ ಸಡಿಲುವುದಿಲ್ಲ. ಅದನ್ನು ಬಿಡಿಸಬೇಕಾದದ್ದು ಕ್ಯಾಲ್ಸಿಯಂ.

ಇದನ್ನು ಕಣ್ಣಾರೆ ಕಂಡದ್ದು 1977ರಲ್ಲಿ. ಅಮೆರಿಕದ ರಿಜ್‌ವೇ, ಗಿಲ್ಕಿ ಮತ್ತು ಜೆಫ್ ಎಂಬ ವಿಜ್ಞಾನಿಗಳು ಮೆಡಾಕ ಎಂಬ ಪುಟ್ಟ ಮೀನಿನ ಮೊಟ್ಟೆಗೆ ಈಕ್ವೊರಿನ್ ಎಂಬ ಪ್ರೋಟೀನನ್ನು ಚುಚ್ಚಿದರು. ಅಂಬಲಿ ಮೀನಿನಿಂದ ತೆಗೆದ ಈ ಪ್ರೋಟೀನು ಕ್ಯಾಲ್ಸಿಯಂ ತಗುಲಿದರೆ ಬೆಳಕು ಸೂಸುತ್ತದೆ. ಮೊಟ್ಟೆ ಎಚ್ಚರಗೊಂಡಾಗ ಆ ಬೆಳಕು ಸುಮಾರು ಹತ್ತು ಸಾವಿರ ಪಟ್ಟು ಏರಿತು. ಮುಂದಿನ ಪ್ರಯೋಗಗಳಲ್ಲಿ ಆ ಬೆಳಕು ವೀರ್ಯಾಣು ಒಳಹೊಕ್ಕ ತುದಿಯಿಂದ ಹೊರಟು ಅಲೆಯಾಗಿ ಇನ್ನೊಂದು ತುದಿಯವರೆಗೆ ಸಾಗುವುದೂ ಕಂಡಿತು.

ಈ ಕ್ಯಾಲ್ಸಿಯಂ ಎಲ್ಲಿಂದ ಬಂತು? ಜೀವಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಒಳಗಿನ ದ್ರವದಲ್ಲಿ ಅದರ ಸುಮಾರು ಹತ್ತು ಸಾವಿರದ ಒಂದು ಪಾಲು ಮಾತ್ರ. ಒಳನುಸುಳಿದ್ದನ್ನು ಕೋಶವು ಸತತವಾಗಿ ಹೊರಗೆ ದೂಡುತ್ತದೆ, ಉಳಿದದ್ದನ್ನು ಒಳಗಿನ ಪೊರೆಗಳ ಜಾಲದಲ್ಲಿ ತುಂಬಿಡುತ್ತದೆ. ಆ ಜಾಲವನ್ನು ಕೆರೆಯೆಂದುಕೊಂಡರೆ ಅದಕ್ಕೊಂದು ತೂಬೂ ಇದೆ. ತೂಬು ತೆರೆದರೆ ಕ್ಯಾಲ್ಸಿಯಂ ಕ್ಷಣದಲ್ಲಿ ಹೊರಗೆ ಹರಿಯುತ್ತದೆ. ಒಳಗೆ ಇಷ್ಟು ಕಡಿಮೆ ಇರುವುದರಿಂದಲೇ ಸ್ವಲ್ಪ ಹರಿದರೂ ಕೋಶಕ್ಕೆ ಅದು ದೊಡ್ಡ ಸುದ್ದಿಯಾಗುತ್ತದೆ.

ತೂಬನ್ನು ತೆರೆಯುವ ಅಣುವಿನ ಹೆಸರು ಇನಾಸಿಟಾಲ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಐಪಿ3. ಇದು ಹುಟ್ಟುವುದು ಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವಿನಿಂದ. ಆ ಅಣುವಿಗೆ ನೀರಿನಲ್ಲಿ ಕರಗಬಲ್ಲ ತಲೆಯಿದೆ, ಪೊರೆಯಲ್ಲಿ ಹುದುಗಿರುವ ಎರಡು ಬಾಲಗಳಿವೆ. ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ತಲೆಯನ್ನು ಕತ್ತರಿಸಿ ಬೇರ್ಪಡಿಸುತ್ತದೆ. ಬಿಡುಗಡೆಯಾದ ತಲೆಯೇ ಐಪಿ3. ಅದು ಕೋಶದ್ರವದಲ್ಲಿ ತೇಲಿ ಹೋಗಿ ತೂಬಿಗೆ ಅಂಟಿಕೊಳ್ಳುತ್ತದೆ. ಪೊರೆಯಲ್ಲೇ ಉಳಿಯುವ ಬಾಲದ ಭಾಗಕ್ಕೆ ಡೈಅಸೈಲ್‌ಗ್ಲಿಸರಾಲ್ ಎಂದು ಹೆಸರು. ಹೊರಗಿನಿಂದ ಬಂದ ಸುದ್ದಿಯನ್ನು ಕೋಶದೊಳಗೆ ಮುಂದಕ್ಕೆ ಸಾಗಿಸುವುದರಿಂದ ಈ ಎರಡನ್ನೂ, ಇವುಗಳ ಜೊತೆಗೆ ಕ್ಯಾಲ್ಸಿಯಂ ಅನ್ನೂ ಎರಡನೆಯ ಸಂದೇಶವಾಹಕಗಳು ಎನ್ನುತ್ತಾರೆ. ಐಪಿ3 ಹೀಗೆ ಕ್ಯಾಲ್ಸಿಯಂ ಬಿಡಿಸುತ್ತದೆಂದು 1983ರಲ್ಲಿ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿಕೊಟ್ಟವರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿಜ್ ಒಬ್ಬರು.

ಸಾಮಾನ್ಯವಾಗಿ ಕೋಶದಲ್ಲಿ ಈ ಕಿಣ್ವ ಮೊದಲೇ ಇರುತ್ತದೆ. ಹಾರ್ಮೋನೋ ನರದ ರಾಸಾಯನಿಕವೋ ಹೊರಗಿನಿಂದ ತಟ್ಟಿದಾಗ ಕೆಲಸಕ್ಕಿಳಿಯುತ್ತದೆ. ಸಸ್ತನಿಗಳ ಅಂಡಾಣುವಿನ ಕಥೆ ಇದಕ್ಕಿಂತ ಸೊಗಸಾಗಿದೆ. ಇಲ್ಲಿ ವೀರ್ಯಾಣುವೇ ಕಿಣ್ವವನ್ನು ಹೊತ್ತು ತರುತ್ತದೆ. 2002ರಲ್ಲಿ ಬ್ರಿಟನ್ನಿನ ಟೋನಿ ಲಾಯ್, ಕಾರ್ಲ್ ಸ್ವಾನ್ ಮತ್ತು ಸಂಗಡಿಗರು ವೀರ್ಯಾಣುವಿಗೇ ವಿಶಿಷ್ಟವಾದ ಫಾಸ್ಫೋಲೈಪೇಸ್ ಸಿ ಒಂದನ್ನು ಗುರುತಿಸಿ ಅದಕ್ಕೆ ‘ಝೀಟಾ’ ಎಂದು ಹೆಸರಿಟ್ಟರು. ಆ ಪ್ರೋಟೀನನ್ನು ತಯಾರಿಸುವ ಆರ್‌ಎನ್‌ಎಯನ್ನಷ್ಟೇ ಇಲಿಯ ಅಂಡಾಣುವಿಗೆ ಚುಚ್ಚಿದಾಗ, ವೀರ್ಯಾಣು ಇಲ್ಲದೆಯೇ ಅದು ಎಚ್ಚೆತ್ತು ಭ್ರೂಣದ ಆರಂಭದ ಹಂತಗಳವರೆಗೆ ಬೆಳೆಯಿತು.

ಇಲಿಯಲ್ಲಿ ಕ್ಯಾಲ್ಸಿಯಂ ಒಮ್ಮೆ ಏರಿ ಇಳಿದು ಸುಮ್ಮನಾಗುವುದಿಲ್ಲ. ಹತ್ತಾರು ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಏರುತ್ತ, ಹಲವು ಗಂಟೆಗಳ ಕಾಲ ಮಿಡಿಯುತ್ತದೆ. ಮನುಷ್ಯರ ಅಂಡಾಣುವಿನಲ್ಲೂ ಹೀಗೇ, ಮಿಡಿತಗಳ ನಡುವಿನ ಬಿಡುವು ಮಾತ್ರ ಹೆಚ್ಚು. ತೂಬಿನ ಸ್ವಭಾವವೇ ಇದಕ್ಕೆ ಮುಖ್ಯ ಕಾರಣ. ಹರಿದ ಕ್ಯಾಲ್ಸಿಯಂ ಸ್ವಲ್ಪವಿದ್ದಾಗ ಅದು ತೂಬನ್ನು ಇನ್ನಷ್ಟು ತೆರೆಸುತ್ತದೆ, ಹೆಚ್ಚಾದಾಗ ತಾನೇ ಮುಚ್ಚಿಸುತ್ತದೆ. ಆಮೇಲೆ ಪಂಪುಗಳು ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಒಳಗಿನ ದಾಸ್ತಾನನ್ನು ಮತ್ತೆ ತುಂಬುತ್ತವೆ.

ಮೊದಲ ಏರಿಕೆಯಲ್ಲೇ ಒಂದು ಅವಸರದ ಕೆಲಸ ಶುರುವಾಗುತ್ತದೆ. ಅಂಡಾಣುವಿನ ಅಂಚಿನಲ್ಲಿ ಕಾದಿರುವ ಸಣ್ಣ ಚೀಲಗಳು ಒಡೆದು, ಅವುಗಳಲ್ಲಿರುವ ಕಿಣ್ವಗಳು ಸುತ್ತಲಿನ ಕವಚವನ್ನು ಬದಲಿಸುತ್ತವೆ. ಮತ್ತೊಂದು ವೀರ್ಯಾಣು ಒಳಬರದಂತೆ ದಾರಿ ಮುಚ್ಚುತ್ತದೆ.

ನಿಂತ ವಿಭಜನೆಯನ್ನು ಮುಂದುವರಿಸಲು ಕ್ಯಾಲ್ಸಿಯಂ ಒಂದೇ ಸಾಲದು, ಅದನ್ನು ಗುರುತಿಸುವ ಕೈ ಬೇಕು. ಆ ಕೈ ಕ್ಯಾಲ್ಮಾಡ್ಯುಲಿನ್. 148 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನಿನಲ್ಲಿ ಕ್ಯಾಲ್ಸಿಯಂ ಕೂರಲು ನಾಲ್ಕು ಜಾಗಗಳಿವೆ. ಅವು ತುಂಬಿದಾಗ ಪ್ರೋಟೀನಿನ ಆಕಾರ ಬದಲಾಗುತ್ತದೆ, ಅದು ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ಅಪ್ಪಿಕೊಂಡು ಚುರುಕುಗೊಳಿಸುತ್ತದೆ. ಕ್ಯಾಮ್‌ಕೆ-2 ವಿಭಜನೆಯನ್ನು ತಡೆಹಿಡಿದಿದ್ದ ಎಮಿ-2 ಎಂಬ ಪ್ರೋಟೀನಿಗೆ ಗುರುತು ಹಾಕುತ್ತದೆ. ಗುರುತು ಬಿದ್ದ ಎಮಿ-2 ನಾಶವಾಗುತ್ತದೆ, ತಡೆ ಬಿಡುತ್ತದೆ. ಅಂಡಾಣುವಿನಲ್ಲಿ ಮುಖ್ಯವಾದ ಈ ಕಿಣ್ವದ ಗಾಮಾ ರೂಪವಿಲ್ಲದ ಹೆಣ್ಣಿಲಿಗಳಿಗೆ ಮರಿಗಳಾಗುವುದಿಲ್ಲ. ಅವುಗಳ ಅಂಡಾಣುಗಳಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಮಿಡಿಯುತ್ತದೆ, ಆದರೆ ಆ ಮಿಡಿತವನ್ನು ಕೆಲಸವಾಗಿಸುವವರಿಲ್ಲ.

ಪೊರೆಯಲ್ಲಿ ಉಳಿದ ಡೈಅಸೈಲ್‌ಗ್ಲಿಸರಾಲ್ ಪ್ರೋಟೀನ್ ಕೈನೇಸ್ ಸಿ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಅಂಡಾಣುವಿನಲ್ಲಿ ಇದು ಪೋಷಕ ಪಾತ್ರ: ಬರಿದಾಗುವ ದಾಸ್ತಾನು ತುಂಬಿಕೊಳ್ಳಲು ಹೊರಗಿನ ಕ್ಯಾಲ್ಸಿಯಂ ಒಳಬರುವುದಕ್ಕೆ ನೆರವಾಗುತ್ತದೆ. ಬೇರೆ ಕೋಶಗಳಲ್ಲಿ ಇದರ ಪ್ರಭಾವ ದೊಡ್ಡದು. ನಮ್ಮ ಹಿರಿಯರು ಭೇದಿಗೆ ಕೊಡುತ್ತಿದ್ದ ಜಾಪಾಳದ ಬೀಜದ ಎಣ್ಣೆಯಲ್ಲಿ ಫಾರ್ಬಾಲ್ ಎಸ್ಟರ್ ಎಂಬ ಪದಾರ್ಥಗಳಿವೆ. ಅವು ಡೈಅಸೈಲ್‌ಗ್ಲಿಸರಾಲಿನ ವೇಷ ಹಾಕಿ ಇದೇ ಕಿಣ್ವವನ್ನು ಎಬ್ಬಿಸುತ್ತವೆ, ಬೇಗ ಕರಗಿಹೋಗದೆ ಎಬ್ಬಿಸುತ್ತಲೇ ಇರುತ್ತವೆ. ಇಲಿಯ ಚರ್ಮದಲ್ಲಿ ಆ ಎಣ್ಣೆ ಗಂತಿಗಳನ್ನು ಬೆಳೆಸುವುದಕ್ಕೆ ಇದೇ ಕಾರಣ.

ಈಗ ಇಕ್ಸಿ ವಿಫಲವಾದ ದಂಪತಿಗಳ ವಿಷಯ. ಕೆಲವು ಗಂಡಸರ ವೀರ್ಯಾಣುವಿನ ತಲೆ ಸಂಪೂರ್ಣ ದುಂಡಗಿರುತ್ತದೆ, ಅದರಲ್ಲಿ ಝೀಟಾ ಕಿಣ್ವ ಇರುವುದೇ ಇಲ್ಲ ಅಥವಾ ತೀರ ಕಡಿಮೆ. ಇನ್ನು ಕೆಲವರಲ್ಲಿ ತಲೆ ನೋಡಲು ಸರಿಯಾಗಿದ್ದರೂ ಕಿಣ್ವದ ಜೀನಿನಲ್ಲಿ ದೋಷವಿರುತ್ತದೆ. ತಪ್ಪು ಯಾರ ಕಡೆಯದೆಂದು ತಿಳಿಯಲು ಕೆಲವು ಪ್ರಯೋಗಾಲಯಗಳು ಗಂಡನ ವೀರ್ಯಾಣುವನ್ನು ಇಲಿಯ ಅಂಡಾಣುವಿಗೆ ಚುಚ್ಚಿ ನೋಡುತ್ತವೆ. ಅಂಡಾಣು ಎಚ್ಚರಗೊಳ್ಳದಿದ್ದರೆ ಕೊರತೆ ವೀರ್ಯಾಣುವಿನದು. ಆಗ ಇಕ್ಸಿ ಮಾಡಿದ ಮೇಲೆ ಅಂಡಾಣುಗಳನ್ನು ಕ್ಯಾಲ್ಸಿಯಂ ಅಯಾನೊಫೋರ್ ಇರುವ ದ್ರವದಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಈ ರಾಸಾಯನಿಕ ಕ್ಯಾಲ್ಸಿಯಂ ಅನ್ನು ಪೊರೆಗಳಾಚೆ ತಾನೇ ದಾಟಿಸುತ್ತದೆ. ಹೀಗೆ ಮಕ್ಕಳಾದ ದಂಪತಿಗಳಿದ್ದಾರೆ. ಅಯಾನೊಫೋರ್ ಕೊಡುವುದು ಸಾಮಾನ್ಯವಾಗಿ ಒಂದೇ ಏರಿಕೆ, ಗಂಟೆಗಟ್ಟಲೆ ಮಿಡಿಯುವ ಸಹಜ ಕ್ರಮವನ್ನಲ್ಲ. ಆದ್ದರಿಂದ ವೈದ್ಯರು ಎಲ್ಲರಿಗೂ ಇದನ್ನು ಬಳಸದೆ, ಇಂಥ ಕೊರತೆ ಕಂಡವರಿಗಷ್ಟೇ ಬಳಸುವುದು ಸರಿ.

ಇಲಿಯ ಅಂಡಾಣು ಎಚ್ಚೆತ್ತರೆ ವೀರ್ಯಾಣು ತನ್ನ ಪಾಲಿನ ಕೆಲಸ ಮಾಡಿದೆ ಎಂದರ್ಥ, ಹುಡುಕಾಟ ಹೆಂಡತಿಯ ಅಂಡಾಣುವಿನತ್ತ ತಿರುಗುತ್ತದೆ. 2018ರಲ್ಲಿ ವೀ-2 ಎಂಬ ಜೀನಿನ ದೋಷ ಇಂಥ ಕೆಲವು ಮಹಿಳೆಯರಲ್ಲಿ ಪತ್ತೆಯಾಯಿತು. ಆ ಜೀನಿನ ಪ್ರೋಟೀನು ಕ್ಯಾಮ್‌ಕೆ-2ರ ಆಜ್ಞೆಯನ್ನು ಪಾಲಿಸುವಂಥದ್ದು. ಅಂದರೆ ಕೊಂಡಿ ತಪ್ಪಿರುವುದು ಕ್ಯಾಲ್ಸಿಯಂಗೂ ಕ್ಯಾಲ್ಮಾಡ್ಯುಲಿನ್‌ಗೂ ಆಚೆ. ಅಲ್ಲಿ ಎಷ್ಟು ಅಯಾನೊಫೋರ್ ಕೊಟ್ಟರೂ ಅಂಡಾಣು ಮುಂದುವರಿಯುವ ಸಾಧ್ಯತೆ ಕಡಿಮೆ.