ಮಂಡಕ್ಕಿ ಚೀಲಕ್ಕೆ ಎಷ್ಟು ಬಾಡಿಗೆ?

ತುಮಕೂರಿನಂಥ ಊರಿನ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿ ಅಂದುಕೊಳ್ಳಿ. ಹಿಂಭಾಗದಲ್ಲಿ ಗೋದಾಮು. ಅದರಲ್ಲಿ ಸಕ್ಕರೆ, ತೊಗರಿಬೇಳೆ ಮತ್ತು ದಾವಣಗೆರೆಯಿಂದ ಬರುವ ಮಂಡಕ್ಕಿ, ಮೂರಕ್ಕೂ ಜಾಗ ಬೇಕು. ಬೇಳೆ ಮೂಟೆ ಸಣ್ಣದು, ಆದರೆ ಅದರಲ್ಲಿ ಆರು ಸಾವಿರ ರೂಪಾಯಿ ಕೂತಿರುತ್ತದೆ. ಮಂಡಕ್ಕಿ ಚೀಲಕ್ಕೆ ಬೆಲೆ ಅಷ್ಟಕ್ಕಷ್ಟೇ, ಮೈ ಮಾತ್ರ ದೊಡ್ಡದು. ಒಂದೊಂದನ್ನೂ ಒಂದು ಸಲಕ್ಕೆ ಎಷ್ಟು ತರಿಸಬೇಕು?

ಒಂದೇ ಸರಕಿದ್ದರೆ ಇದಕ್ಕೆ ಉತ್ತರ ಹಳೆಯದು. 1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಒಂದು ಕಾರ್ಖಾನೆ ನಿರ್ವಹಣೆಯ ಪತ್ರಿಕೆಯಲ್ಲಿ ಅದನ್ನು ಬರೆದರು. ಸ್ವಲ್ಪ ಸ್ವಲ್ಪವೇ ತರಿಸಿದರೆ ಲಾರಿ ಬಾಡಿಗೆ, ಹಮಾಲಿ ಪದೇ ಪದೇ ಬೀಳುತ್ತದೆ. ಒಟ್ಟಿಗೆ ತರಿಸಿದರೆ ದುಡ್ಡು ಸರಕಿನಲ್ಲಿ ಸಿಕ್ಕಿಕೊಂಡು ಬಡ್ಡಿ ತಿನ್ನುತ್ತದೆ. ಈ ಎರಡು ಖರ್ಚಿನ ಮೊತ್ತ ಅತಿ ಕಡಿಮೆಯಾಗುವ ಪ್ರಮಾಣ ಇದು:

Q = √(2DK / h)

D ಎಂದರೆ ವರ್ಷಕ್ಕೆ ಮಾರಾಟವಾಗುವ ಚೀಲಗಳು, K ಎಂದರೆ ಒಂದು ಸಲ ತರಿಸುವ ಖರ್ಚು, h ಎಂದರೆ ಒಂದು ಚೀಲವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು.

ಲೆಕ್ಕ ಸಲೀಸಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಮೂರಕ್ಕೂ ತರಿಸುವ ಖರ್ಚು ಸಲಕ್ಕೆ 1,200 ರೂಪಾಯಿ. ವರ್ಷಕ್ಕೆ ಸಕ್ಕರೆ 1,000 ಮೂಟೆ, ಬೇಳೆ 480 ಮೂಟೆ, ಮಂಡಕ್ಕಿ 1,000 ಚೀಲ. ಇಟ್ಟುಕೊಳ್ಳುವ ಖರ್ಚು ಸಕ್ಕರೆಗೆ 240, ಬೇಳೆಗೆ 720, ಮಂಡಕ್ಕಿಗೆ 60 ರೂಪಾಯಿ. ಹ್ಯಾರಿಸ್ ಸೂತ್ರಕ್ಕೆ ಹಾಕಿದರೆ ಸಕ್ಕರೆ 100, ಬೇಳೆ 40, ಮಂಡಕ್ಕಿ 200 ಎಂದು ಬರುತ್ತದೆ. ಮೂರರ ವಾರ್ಷಿಕ ಖರ್ಚು 64,800 ರೂಪಾಯಿ.

ಈಗ ಜಾಗದ ಮಾತು. ಸಕ್ಕರೆ, ಬೇಳೆ ಮೂಟೆಗಳು ತಲಾ 2 ಘನ ಅಡಿ, ಮಂಡಕ್ಕಿ ಚೀಲ 4 ಘನ ಅಡಿ ಹಿಡಿದರೆ ಒಟ್ಟು 1,080 ಘನ ಅಡಿ ಬೇಕು. ಗೋದಾಮಿನಲ್ಲಿ ಇರುವುದು 720. ಮೂರರಲ್ಲಿ ಒಂದು ಪಾಲು ಎಲ್ಲಿಂದಲೋ ಇಳಿಯಬೇಕು.

ಯಾರಿಗಾದರೂ ಮೊದಲು ಹೊಳೆಯುವುದು ಎಲ್ಲವನ್ನೂ ಒಂದೇ ಅಳತೆಯಲ್ಲಿ ಮೂರನೇ ಎರಡಕ್ಕೆ ಇಳಿಸುವುದು. ನೋಡಲು ನ್ಯಾಯವಾಗಿದೆ, ಜಾಗವೂ ಸರಿಹೋಗುತ್ತದೆ. ಆದರೆ ಖರ್ಚು 70,200ಕ್ಕೆ ಏರುತ್ತದೆ. ಹೆಚ್ಚಾದ 5,400 ರೂಪಾಯಿಯಲ್ಲಿ ಬೇಳೆಯೊಂದರದ್ದೇ 2,400. ಜಾಗವನ್ನೇ ಅಷ್ಟಾಗಿ ತಿನ್ನದ ಬೇಳೆಗೆ ಈ ಶಿಕ್ಷೆ ಯಾಕೆ?

ಇಲ್ಲಿಗೆ ಲಗ್ರಾಂಜ್ ಗುಣಕ ಬರುತ್ತದೆ. 1736ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಗಣಿತಜ್ಞ ಲಗ್ರಾಂಜ್ ಈ ಉಪಾಯವನ್ನು ಬಳಸಿದ್ದು ಯಂತ್ರಶಾಸ್ತ್ರದ ಲೆಕ್ಕಗಳಿಗೆ. ಅದರಲ್ಲಿ ಗೋದಾಮು ಎಲ್ಲೂ ಇರಲಿಲ್ಲ. ಉಪಾಯ ಇಷ್ಟೇ: ಜಾಗದ ಮಿತಿಯನ್ನು ನೇರವಾಗಿ ಹೇರುವ ಬದಲು, ಗೋದಾಮಿನ ಪ್ರತಿ ಘನ ಅಡಿಗೂ ಒಂದು ಕಾಲ್ಪನಿಕ ಬಾಡಿಗೆ ನಿಗದಿ ಮಾಡಿ. ಅದನ್ನು λ ಅನ್ನೋಣ. ಪ್ರತಿ ಸರಕೂ ತಾನು ಹಿಡಿಯುವ ಜಾಗಕ್ಕೆ ತಾನೇ ಬಾಡಿಗೆ ತೆತ್ತು, ಆಮೇಲೆ ತನಗೆ ಲಾಭದ ಪ್ರಮಾಣವನ್ನು ಆರಿಸಿಕೊಳ್ಳಲಿ. ಒಂದು ಚೀಲ f ಘನ ಅಡಿ ಹಿಡಿಯುವುದಾದರೆ ಸೂತ್ರ ಹೀಗಾಗುತ್ತದೆ:

Q = √(2DK / (h + 2λf))

λ ಜೊತೆಗಿರುವ 2ಕ್ಕೆ ಕಾರಣವಿದೆ. ಬಡ್ಡಿ ಬೀಳುವುದು ಸರಾಸರಿ ದಾಸ್ತಾನಿನ ಮೇಲೆ, ಅಂದರೆ Qನ ಅರ್ಧದ ಮೇಲೆ. ಜಾಗವನ್ನಾದರೋ ಲಾರಿ ಬಂದ ದಿನ ಇಳಿಯುವ ಪೂರ್ತಿ Qಗೆ ಕಾದಿರಿಸಬೇಕು. ಸರಕು ಖಾಲಿಯಾಗುತ್ತ ಬಂದರೂ ಆ ಜಾಗ ಅದರ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಸರಾಸರಿ ಲೆಕ್ಕದಲ್ಲಿ ಜಾಗದ ಬಾಡಿಗೆ ಎರಡರಷ್ಟಾಗಿ ಬೀಳುತ್ತದೆ.

λ ಎಷ್ಟೆಂದು ನೇರವಾಗಿ ಹೇಳುವ ಸೂತ್ರವಿಲ್ಲ, ಹಾಕಿ ನೋಡಬೇಕು. λ ಸೊನ್ನೆಯಾದರೆ 1,080 ಘನ ಅಡಿ ಬೇಕೆಂದು ಆಗಲೇ ಕಂಡೆವು. 5 ರೂಪಾಯಿ ಹಾಕಿದರೆ 891ಕ್ಕೆ ಇಳಿಯುತ್ತದೆ, 10 ಹಾಕಿದರೆ 787, 15ಕ್ಕೆ 718. ಬಾಡಿಗೆ ಏರಿದಷ್ಟೂ ಬೇಡಿಕೆ ಇಳಿಯುತ್ತಲೇ ಹೋಗುವುದರಿಂದ ದಾರಿ ತಪ್ಪುವ ಭಯವಿಲ್ಲ. ಎಕ್ಸೆಲ್ ಹಾಳೆಯ ಒಂದು ಕಾಲಮ್‌ನಲ್ಲಿ ಮುಗಿಯುವ ಕೆಲಸ. 15ರ ಆಸುಪಾಸಿನಲ್ಲಿ ಬಿಡಿ ಮೂಟೆಗಳಿಗೆ ಹೊಂದಿಸಿಕೊಂಡರೆ ಸಕ್ಕರೆ 90, ಬೇಳೆ 38, ಮಂಡಕ್ಕಿ 116. ಜಾಗ ಸರಿಯಾಗಿ 720.

ಬೇಳೆ ಎರಡೇ ಮೂಟೆ ಬಿಟ್ಟುಕೊಟ್ಟಿದೆ, ಮಂಡಕ್ಕಿ 84 ಚೀಲ. ಮಂಡಕ್ಕಿಗೆ ಇಟ್ಟುಕೊಳ್ಳುವ ಖರ್ಚು 60 ಇದ್ದದ್ದು ಜಾಗದ ಬಾಡಿಗೆ ಸೇರಿ 180 ಆಯಿತು. ಬೇಳೆಗೆ 720 ಇದ್ದದ್ದು 780 ಆಯಿತು ಅಷ್ಟೆ. ಒಟ್ಟು ಖರ್ಚು ಸುಮಾರು 66,800. ಎಲ್ಲರಿಂದಲೂ ಸಮನಾಗಿ ಕಡಿದದ್ದಕ್ಕಿಂತ 3,400 ರೂಪಾಯಿ ಉಳಿತಾಯ. ಮೊದಲಿನ ಲೆಕ್ಕದಲ್ಲಿ 73 ದಿನಕ್ಕೊಮ್ಮೆ ಬರುತ್ತಿದ್ದ ಮಂಡಕ್ಕಿ ಈಗ 42 ದಿನಕ್ಕೊಮ್ಮೆ ಬರುತ್ತದೆ. ಎರಡೂವರೆ ತಿಂಗಳ ಮಂಡಕ್ಕಿ ಮೆತ್ತಗಾಗುತ್ತದೆಂಬುದು ಸೂತ್ರಕ್ಕೆ ಗೊತ್ತಿಲ್ಲ, ಗಿರಾಕಿಗೆ ಗೊತ್ತು.

ನನಗೆ ಈ ವಿಧಾನದಲ್ಲಿ ಹೆಚ್ಚು ಬೆಲೆಬಾಳುವುದೆನಿಸುವುದು ಆ 15 ರೂಪಾಯಿ. ಗೋದಾಮು ಒಂದು ಘನ ಅಡಿ ದೊಡ್ಡದಾದರೆ ವರ್ಷಕ್ಕೆ ಉಳಿಯುವ ಹಣ ಅದು. ಪಕ್ಕದ ಮನೆಯವರು ತಮ್ಮ ಶೆಡ್ಡನ್ನು ಘನ ಅಡಿಗೆ ವರ್ಷಕ್ಕೆ 10 ರೂಪಾಯಿಯಂತೆ ಕೊಡುತ್ತೇವೆ ಅಂದರೆ? 15ಕ್ಕಿಂತ 10 ಕಡಿಮೆ, ಆದ್ದರಿಂದ ಕೊರತೆಯಿರುವ 360 ಅಡಿಯನ್ನೂ ಹಿಡಿದುಬಿಡೋಣ ಅನಿಸುತ್ತದೆ. ಹಿಡಿದರೆ 3,600 ರೂಪಾಯಿ ಬಾಡಿಗೆ, ಉಳಿಯುವುದು 2,000. ಜಾಗ ಹೆಚ್ಚಿದಂತೆ ಮುಂದಿನ ಅಡಿಯ ಬೆಲೆ ಇಳಿಯುತ್ತದೆ. λ 10ಕ್ಕೆ ಇಳಿಯುವುದು 787 ಘನ ಅಡಿಯಲ್ಲಿ. ಹಾಗಾಗಿ 67 ಅಡಿಯ ಒಂದು ಮೂಲೆ ಸಿಕ್ಕರೆ ತೆಗೆದುಕೊಳ್ಳಿ, ಇಡೀ ಶೆಡ್ ಬೇಡ.

ಇಲ್ಲೊಂದು ಎಚ್ಚರಿಕೆ. ಕೆಲವರು 2λ ಬದಲು ಬರೀ λ ಎಂದು ಬರೆದು ಲೆಕ್ಕ ಮಾಡುತ್ತಾರೆ. ಮೂಟೆಗಳ ಸಂಖ್ಯೆ ಆಗಲೂ ಸರಿಯಾಗಿಯೇ ಬರುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ λ 30 ಎಂದು ಬರುತ್ತದೆ, ಅದನ್ನೇ ಜಾಗದ ಬೆಲೆ ಎಂದು ನಂಬಿದರೆ 25 ರೂಪಾಯಿಯ ಬಾಡಿಗೆಗೂ ತಲೆ ಆಡಿಸಿಬಿಡುತ್ತೀರಿ. ಪರೀಕ್ಷೆ ಸುಲಭ: ಮೂಟೆಗಳನ್ನು ಬಿಡಿಯಾಗಿಸದೆ, ಮಿತಿಯನ್ನು 720ರಿಂದ 721ಕ್ಕೆ ಏರಿಸಿ ಮತ್ತೆ ಲೆಕ್ಕ ಹಾಕಿ, ಖರ್ಚು ಎಷ್ಟು ಇಳಿಯಿತು ನೋಡಿ.

ಮೂರೂ ಲಾರಿ ಒಂದೇ ದಿನ ಬಂದು ನಿಂತರೂ ಜಾಗ ಸಾಲಬೇಕು ಎಂಬುದು ಈ ಲೆಕ್ಕದ ಒಳಗಿರುವ ಊಹೆ. ಸಕ್ಕರೆಗೆ ಒಂದು ಮೂಲೆ, ಬೇಳೆಗೆ ಒಂದು ಮೂಲೆ ಎಂದು ಗೆರೆ ಹಾಕಿಟ್ಟ ಗೋದಾಮಿಗೆ ಅದು ತಕ್ಕದ್ದೇ. ಖಾಲಿಯಾದ ಕಡೆ ಯಾವುದನ್ನಾದರೂ ಪೇರಿಸುವ ಪದ್ಧತಿಯಿದ್ದು, ಮಂಡಕ್ಕಿ ಅರ್ಧ ಖಾಲಿಯಾದ ಮೇಲೆಯೇ ಸಕ್ಕರೆ ಲಾರಿ ಬರುವಂತೆ ದಿನ ಹೊಂದಿಸುವ ಮಾಲೀಕನಿಗೆ 720 ಅಡಿಯಲ್ಲೇ ಇನ್ನಷ್ಟು ಹಿಡಿಯುತ್ತದೆ. ಆದರೆ ಮೂರರ ಸರದಿ ಬೇರೆ ಬೇರೆ ದಿನಗಳದ್ದು. 33 ದಿನದ ಸಕ್ಕರೆಯೂ 42 ದಿನದ ಮಂಡಕ್ಕಿಯೂ ಎಷ್ಟೇ ಜಾಣತನದಿಂದ ಶುರುಮಾಡಿದರೂ ಯಾವತ್ತೋ ಒಂದು ದಿನ ಹೆಚ್ಚುಕಡಿಮೆ ಒಟ್ಟಿಗೇ ಬಂದಿಳಿಯುತ್ತವೆ. ಅದನ್ನು ತಪ್ಪಿಸಬೇಕಾದರೆ ಎರಡನ್ನೂ ಒಂದೇ ಅವಧಿಗೆ, ಅಂದರೆ ಸುಮಾರು 37 ದಿನಕ್ಕೆ ತಂದು, ಹದಿನೆಂಟು ದಿನದ ಅಂತರದಲ್ಲಿ ತರಿಸಬೇಕು; ಆಗ ಗುಣಕದ ಲೆಕ್ಕವನ್ನು ಬೇರೆಯಾಗಿಯೇ ಕಟ್ಟಬೇಕಾಗುತ್ತದೆ.