ಬಂದ್ ಆದ ಖಾತೆಗೆ ಒಂದು ಅರ್ಜಿ

ದುಡ್ಡು ಜಮಾ ಆದ ಮೆಸೇಜು ಮೊಬೈಲಿಗೆ ಬಂದಿರುತ್ತದೆ. ತೆಗೆಯಲು ಹೋದರೆ ಮಾತ್ರ ಬರುವುದಿಲ್ಲ. ಕೌಂಟರಿನಲ್ಲಿ ಕೇಳಿದರೆ ಸಿಗುವುದು ಒಂದೇ ಮಾತು: "ಖಾತಿ ಬಂದ್ ಆಗೇತ್ರಿ, ಕೆವೈಸಿ ಮಾಡಿಸ್ರಿ." ಯಾವ ಕಾಗದ ಕೊಡಬೇಕು, ಯಾರ ಕೈಗೆ ಕೊಡಬೇಕು, ಕೊಟ್ಟ ಮೇಲೆ ಎಷ್ಟು ದಿನ ಕಾಯಬೇಕು ಎಂಬುದನ್ನು ಕೇಳುವಷ್ಟರಲ್ಲಿ ಹಿಂದಿನವರ ಸರದಿ ಬಂದುಬಿಟ್ಟಿರುತ್ತದೆ.

ಈ ಸಮಸ್ಯೆ ಈಗ ಹಳ್ಳಿಹಳ್ಳಿಗಳಲ್ಲಿ ಒಟ್ಟಿಗೇ ತಲೆಯೆತ್ತಿರುವುದಕ್ಕೆ ಕಾರಣವಿದೆ. ಪ್ರಧಾನಮಂತ್ರಿ ಜನ್ ಧನ್ ಯೋಜನೆ ಶುರುವಾಗಿದ್ದು 2014ರ ಆಗಸ್ಟ್ 28ರಂದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗ್ರಾಹಕರ ಗುರುತು ಮತ್ತು ವಿಳಾಸದ ವಿವರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೆಚ್ಚು ಅಪಾಯದ ಖಾತೆಗೆ 2 ವರ್ಷ, ಮಧ್ಯಮಕ್ಕೆ 8 ವರ್ಷ, ಕಡಿಮೆ ಅಪಾಯದ್ದಕ್ಕೆ 10 ವರ್ಷ. ಜನ್ ಧನ್ ಖಾತೆಗಳಲ್ಲಿ ಬಹುಪಾಲು ಕೊನೆಯ ಗುಂಪಿಗೆ ಸೇರುತ್ತವೆ. ಯೋಜನೆಯ ಮೊದಲ ಅಲೆಯಲ್ಲಿ ತೆರೆದ ಖಾತೆಗಳಿಗೆ 2024ರಿಂದಲೇ ಗಡುವು ಬಂದಿತು.

ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಹಾವೇರಿ, ಬ್ಯಾಡಗಿ ಕಡೆಯವರಿಗೆ ಇನ್ನೊಂದು ಗೊಂದಲವೂ ಸೇರಿಕೊಂಡಿತು. ಈ ಭಾಗದಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹಳೆಯ ಪಾಸ್‌ಬುಕ್ಕಿನ ಮೇಲೆ ಒಂದು ಹೆಸರು, ಶಾಖೆಯ ಬೋರ್ಡಿನ ಮೇಲೆ ಇನ್ನೊಂದು. ವಿಲೀನದಿಂದಲೇ ಖಾತೆ ನಿಂತಿದೆ ಎಂದು ಯಾರಾದರೂ ತಿಳಿದರೆ ಆಶ್ಚರ್ಯವಿಲ್ಲ. ಆದರೆ ವಿಲೀನ ಬೇರೆ, ಕೆವೈಸಿ ಬೇರೆ.

ಮೊದಲು ಕಾರಣ ಕೇಳಿ

ಬಂದ್ ಆದ ಖಾತೆಗಳೆಲ್ಲ ಒಂದೇ ಬಗೆಯವಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆ. ಸೈಬರ್ ವಂಚನೆಯ ದೂರಿನ ಮೇಲೆ ಪೊಲೀಸರು ತಡೆ ಹಾಕಿಸಿದ್ದರೆ ಅದರ ದಾರಿಯೇ ಬೇರೆ. ಎಷ್ಟು ಜೆರಾಕ್ಸ್ ಕೊಟ್ಟರೂ ಅದು ತೆರೆಯುವುದಿಲ್ಲ. ಮೂರನೆಯದು ಕೆವೈಸಿ ಬಾಕಿ. "ಇದು ನಿಷ್ಕ್ರಿಯವೋ, ಕೆವೈಸಿ ಬಾಕಿಯೋ, ಬೇರೆ ತಡೆಯೋ?" ಎಂದು ನೇರವಾಗಿ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಕಾಗದ ಬೇಕು.

ಯಾವ ಕಾಗದ ನಡೆಯುತ್ತದೆ

ಹಳ್ಳಿಯವರು ಮೊದಲು ತೆಗೆದುಕೊಂಡು ಹೋಗುವುದು ರೇಷನ್ ಕಾರ್ಡನ್ನು. ಆದರೆ ಅದು ಕೆವೈಸಿಗೆ ಅಧಿಕೃತ ದಾಖಲೆಗಳ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು ಆಧಾರ್, ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಸರ್ಕಾರಿ ಅಧಿಕಾರಿಯ ಸಹಿಯಿರುವ ನರೇಗಾ ಜಾಬ್ ಕಾರ್ಡ್ ಮತ್ತು ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಒಂದು ಸಾಕು. ಅದರ ಜೊತೆಗೆ ಪ್ಯಾನ್ ಕಾರ್ಡ್, ಅದಿಲ್ಲದವರಿಗೆ ಫಾರಂ 60.

ಹೆಸರು, ವಿಳಾಸ ಏನೂ ಬದಲಾಗಿಲ್ಲವೆಂದರೆ ಇಷ್ಟೂ ಬೇಕಾಗಲಿಕ್ಕಿಲ್ಲ. ಬ್ಯಾಂಕಿನಲ್ಲಿರುವ ದಾಖಲೆ ಈಗಿನ ಪಟ್ಟಿಗೆ ಹೊಂದುವಂತಿದ್ದರೆ "ಯಾವ ಬದಲಾವಣೆಯೂ ಇಲ್ಲ" ಎಂಬ ಸ್ವಯಂ ಘೋಷಣೆ ನಡೆಯುತ್ತದೆ. ಅದನ್ನು ಪತ್ರದಲ್ಲಿ, ನೋಂದಾಯಿತ ಮೊಬೈಲಿನಿಂದ ಅಥವಾ ಎಟಿಎಂನಲ್ಲಿ ಕೊಡಬಹುದು. ಇದಕ್ಕಾಗಿ ಶಾಖೆಗೆ ಬರಲೇಬೇಕೆಂದಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಜನವರಿಯಲ್ಲೇ ಸ್ಪಷ್ಟಪಡಿಸಿತ್ತು. 2025ರ ಜೂನ್ 12ರ ತಿದ್ದುಪಡಿಯ ನಂತರ ಊರಿನ ಬ್ಯಾಂಕ್ ಮಿತ್ರರೂ ಇಂಥ ಘೋಷಣೆಯನ್ನು ಪಡೆಯಬಹುದು. ವಿಳಾಸ ಮಾತ್ರ ಬದಲಾಗಿದ್ದರೂ ಹೊಸ ವಿಳಾಸದ ಘೋಷಣೆ ಸಾಕು. ಬ್ಯಾಂಕು ಎರಡು ತಿಂಗಳೊಳಗೆ ಅದನ್ನು ಪರಿಶೀಲಿಸಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ಪಾಸ್‌ಬುಕ್ಕಿನಲ್ಲಿ 'ನೀಲವ್ವ', ಆಧಾರಿನಲ್ಲಿ 'ನೀಲಮ್ಮ' ಮತ್ತು ಮುಂದೆ ಮನೆತನದ ಅಡ್ಡಹೆಸರು. ಮನೆಯವರಿಗೆ ಇಬ್ಬರೂ ಒಬ್ಬರೇ, ಕಂಪ್ಯೂಟರಿಗೆ ಅಲ್ಲ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆಯನ್ನು ಹಳೆಯ ಹೆಸರಿನ ದಾಖಲೆಯ ಜೊತೆ ಕೊಟ್ಟರೆ ಆ ದಾಖಲೆ ಮಾನ್ಯವಾಗುತ್ತದೆ. ಬರೀ ಅಕ್ಷರದೋಷವಾಗಿದ್ದರೆ ಮೊದಲು ಆಧಾರ್ ತಿದ್ದಿಸಬೇಕೋ ಅಥವಾ ಬ್ಯಾಂಕಿನಲ್ಲಿರುವ ಹೆಸರನ್ನೋ ಎಂದು ಶಾಖೆಯಲ್ಲಿ ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಅರ್ಜಿಯಲ್ಲಿ ಏನಿರಬೇಕು

ಮೇಡ್ಲೇರಿಯ ರೈತ ಮಹಿಳೆಯೊಬ್ಬರು 2014ರ ಸೆಪ್ಟೆಂಬರಿನಲ್ಲಿ ಖಾತೆ ತೆರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಗೃಹಲಕ್ಷ್ಮಿಯ 2,000 ರೂಪಾಯಿ ಅದಕ್ಕೇ ಬರುತ್ತದೆ, ತೆಗೆಯಲು ಆಗುತ್ತಿಲ್ಲ. ಅವರ ಅರ್ಜಿ ಒಂದು ಪುಟ ಮೀರಬೇಕಿಲ್ಲ:

"ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಕೆವೈಸಿ ನವೀಕರಿಸಿ ಉಳಿತಾಯ ಖಾತೆಯ ತಡೆ ತೆಗೆಯುವ ಬಗ್ಗೆ. ನನ್ನ ಖಾತೆ ಸಂಖ್ಯೆ ಇಂಥದ್ದು. ಈ ದಿನಾಂಕದಂದು ಹಣ ತೆಗೆಯಲು ಬಂದಾಗ ಕೆವೈಸಿ ಬಾಕಿಯಿಂದ ಖಾತೆ ತಡೆಹಿಡಿಯಲಾಗಿದೆ ಎಂದು ತಿಳಿಸಿದಿರಿ. ನನ್ನ ಹೆಸರು, ವಿಳಾಸ ಬದಲಾಗಿಲ್ಲ. ಆಧಾರ್ ಪ್ರತಿ, ಫಾರಂ 60, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಒಂದು ಫೋಟೊ ಲಗತ್ತಿಸಿದ್ದೇನೆ. ಮೂಲ ದಾಖಲೆ ಪರಿಶೀಲಿಸಿ, ಖಾತೆಯನ್ನು ವ್ಯವಹಾರಕ್ಕೆ ಮುಕ್ತಗೊಳಿಸಬೇಕು. ಇನ್ನೇನಾದರೂ ಬೇಕಿದ್ದರೆ ಬರಹದಲ್ಲಿ ತಿಳಿಸಬೇಕು."

ಕೊನೆಯ ಸಾಲನ್ನು ಬಿಡಬಾರದು. ಒಂದೊಂದು ಸಲ ಒಂದೊಂದು ಕಾಗದ ತರಲು ಹೇಳುವ ಓಡಾಟ ಅದರಿಂದ ತಪ್ಪುತ್ತದೆ. ಪ್ರತಿಯೊಂದು ಜೆರಾಕ್ಸಿನ ಮೇಲೂ ಸಹಿ ಮತ್ತು ದಿನಾಂಕ ಇರಲಿ. ಅರ್ಜಿಯ ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಬ್ಯಾಂಕಿನ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಇದನ್ನು ಕೇಳಲು ಸಂಕೋಚ ಬೇಡ. ದಾಖಲೆ ಪಡೆದ ದಿನಾಂಕವಿರುವ ಸ್ವೀಕೃತಿಯನ್ನು ಕೊಡಬೇಕು, ನವೀಕರಣವಾದ ಮೇಲೆ ಆ ದಿನಾಂಕವನ್ನೂ ತಿಳಿಸಬೇಕು ಎಂದು ಬ್ಯಾಂಕುಗಳಿಗೆ ನಿಯಮವೇ ಇದೆ.

ಬ್ಯಾಂಕಿನ ಮೇಲೂ ಕರ್ತವ್ಯಗಳಿವೆ. ಅದೇ 2025ರ ತಿದ್ದುಪಡಿ, ಗಡುವಿಗೆ ಮೊದಲು ಕನಿಷ್ಠ ಮೂರು ಸೂಚನೆ, ನಂತರ ಮೂರು ನೆನಪೋಲೆ, ಎರಡೂ ಸಂದರ್ಭದಲ್ಲಿ ಒಂದಾದರೂ ಅಂಚೆ ಪತ್ರ ಕಳಿಸಬೇಕೆನ್ನುತ್ತದೆ. ಕಡಿಮೆ ಅಪಾಯದ ಗ್ರಾಹಕರಿಗೆ ಗಡುವು ಮುಗಿದ ಮೇಲೂ ಒಂದು ವರ್ಷ, ಅಥವಾ 2026ರ ಜೂನ್ 30ರವರೆಗೆ, ಯಾವುದು ತಡವೋ ಅಲ್ಲಿಯವರೆಗೆ ವ್ಯವಹಾರ ನಡೆಸಲು ಬಿಡಬೇಕು. ಅದರೊಳಗೆ ಖಾತೆ ನಿಂತಿದ್ದರೆ ಅಥವಾ ಸೂಚನೆಯೇ ಬಂದಿರದಿದ್ದರೆ ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆಯಬಹುದು. ಖಾತೆ ನಿಷ್ಕ್ರಿಯವೂ ಆಗಿದ್ದರೆ, ಪೂರ್ಣ ಅರ್ಜಿ ಬಂದ ಮೂರು ಕೆಲಸದ ದಿನದೊಳಗೆ ಅದನ್ನು ಚಾಲನೆಗೆ ತರಬೇಕು, ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಸೀಲು ಬಿದ್ದ ಪ್ರತಿ ಕೈಯಲ್ಲಿದ್ದೂ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. cms.rbi.org.in ತಾಣದಲ್ಲಿ ದೂರು ದಾಖಲಿಸಲು ಹಣ ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ.