ಪೆನ್ಸಿಲಿನ್ ಅಲರ್ಜಿ ನಿಜವಾಗ್ಲೂ ಇದೆಯಾ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಬ್ಬಿನ ಗೆಳೆಯನೊಬ್ಬನಿಗೆ ಬುದ್ಧಿಹಲ್ಲಿನ ಪಕ್ಕ ಕೀವಾಗಿ ಕೆನ್ನೆ ಊದಿಕೊಂಡಿತ್ತು. ಅಮಾಕ್ಸಿಸಿಲಿನ್ ಬರೆಯಲು ಹೊರಟ ದಂತವೈದ್ಯರು "ಯಾವುದಾದ್ರೂ ಔಷಧಿ ಅಲರ್ಜಿ ಇದೆಯಾ?" ಅಂದರು.

"ಪೆನ್ಸಿಲಿನ್ ಆಗಲ್ಲ ಸರ್."

"ತಗೊಂಡ್ರೆ ಏನಾಗುತ್ತೆ?"

"ಗೊತ್ತಿಲ್ಲ ಸರ್, ಅಮ್ಮ ಹೇಳ್ತಾರೆ."

ಅಮಾಕ್ಸಿಸಿಲಿನ್ ಪೆನ್ಸಿಲಿನ್ ಕುಟುಂಬದ್ದೇ. ಹಾಗಾಗಿ ವೈದ್ಯರು ಕ್ಲಿಂಡಾಮೈಸಿನ್ ಬರೆದುಕೊಟ್ಟರು. ಊತ ಇಳಿಯಿತು, ಆದರೆ ನಾಲ್ಕು ದಿನ ಭೇದಿ ಹಿಡಿಯಿತು. "ನಂಗೆ ಇದೂ ಅಲರ್ಜಿ ಕಣೋ" ಅಂತ ಪಾಪ ಎರಡನೇ ಹೆಸರನ್ನೂ ಪಟ್ಟಿಗೆ ಸೇರಿಸಿಕೊಂಡ. ನಮಗೆ ಅನುಮಾನ ಶುರುವಾಗಿದ್ದು ಅಲ್ಲೇ.

ಭೇದಿ ಅಲರ್ಜಿ ಅಲ್ಲ, ಅಡ್ಡಪರಿಣಾಮ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಹಲ್ಲಿನ ಬುಡದಲ್ಲಿರುವುದನ್ನು ಕೊಂದು ಕರುಳಲ್ಲಿರುವುದನ್ನು ಬಿಡು ಅಂದರೆ ಅದಕ್ಕೆ ಕೇಳಿಸುವುದಿಲ್ಲ. ಹೊಟ್ಟೆ ತೊಳಸುವುದು, ಭೇದಿ ಇವೆಲ್ಲ ಔಷಧದ ಕೆಲಸದಿಂದಲೇ ಬರುವಂಥವು. ಯಾರಿಗೆ ಬೇಕಾದರೂ ಬರಬಹುದು. ಕ್ಲಿಂಡಾಮೈಸಿನ್ ಇದಕ್ಕೆ ಕುಖ್ಯಾತ ಕೂಡ.

ಅಲರ್ಜಿಯ ದಾರಿ ಬೇರೆ. ಪೆನ್ಸಿಲಿನ್ ಅಣುವಿನಲ್ಲಿ ಬೀಟಾ-ಲ್ಯಾಕ್ಟಮ್ ಎಂಬ ನಾಲ್ಕು ಮೂಲೆಯ ಉಂಗುರವಿದೆ. ಅದು ಬಿಚ್ಚಿಕೊಂಡು ನಮ್ಮದೇ ಪ್ರೋಟೀನಿಗೆ ಅಂಟಿದಾಗ, ಕೆಲವರ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಅಂದುಕೊಂಡು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಈ ಪ್ರತಿಕಾಯಗಳು ಮಾಸ್ಟ್ ಕೋಶಗಳ ಮೇಲೆ ಕಾದು ಕೂತಿರುತ್ತವೆ. ಮುಂದಿನ ಸಲ ಔಷಧ ಒಳಗೆ ಹೋದರೆ ಆ ಕೋಶಗಳು ಒಮ್ಮೆಲೇ ಹಿಸ್ಟಮಿನ್ ಸುರಿಯುತ್ತವೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೇ ಮೈಯೆಲ್ಲ ಪಿತ್ತಗಂಧೆ ಏಳುತ್ತದೆ, ತುಟಿ ಊದುತ್ತದೆ, ಉಸಿರು ಸುಂಯ್‌ಗುಟ್ಟುತ್ತದೆ, ಕೆಲವರಿಗೆ ಬಿಪಿ ಕುಸಿಯುತ್ತದೆ. ಜೀವ ಹೋಗಬಹುದಾದ ಅಲರ್ಜಿ ಇದು.

ಹಾಗಾದರೆ ನಮ್ಮ ಗೆಳೆಯನಿಗೆ ಆಗಿದ್ದೇನು? ಅವನ ಅಮ್ಮನಿಗೆ ಫೋನ್ ಹಚ್ಚಿದೆವು. ನಾಲ್ಕು ವರ್ಷದವನಿದ್ದಾಗ ಜ್ವರ, ಕೆಮ್ಮು ಅಂತ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರಂತೆ. ಐದನೇ ದಿನ ಹೊಟ್ಟೆ, ಬೆನ್ನ ಮೇಲೆ ಕೆಂಪು ಚುಕ್ಕೆ ಬಂತು. ಸಿರಪ್ ನಿಲ್ಲಿಸಿದರು, ಬೇರೆ ಚಿಕಿತ್ಸೆ ಏನೂ ಕೊಡಲಿಲ್ಲ, ಎರಡು ಮೂರು ದಿನದಲ್ಲಿ ತಾನೇ ಹೋಯಿತು. ಅಷ್ಟೇ.

ಮಕ್ಕಳಿಗೆ ವೈರಸ್ ಜ್ವರದಲ್ಲಿ ಔಷಧವೇ ಇಲ್ಲದೆಯೂ ಇಂಥ ದದ್ದು ಬರುತ್ತದೆ. ಎಪ್ಸ್ಟೀನ್-ಬಾರ್ ವೈರಸ್ ತಗುಲಿದವರಿಗೆ ಅಮಾಕ್ಸಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದೇಳುವುದು ವೈದ್ಯರಿಗೆ ಹಳೆಯ ಪರಿಚಯ. ಜ್ವರ ವೈರಸ್ಸಿನದು, ದದ್ದು ಬಹುಶಃ ಅದರದ್ದೇ, ಅಪವಾದ ಮಾತ್ರ ಸಿರಪ್ಪಿಗೆ. ಅಮೆರಿಕದಲ್ಲಿ ಸುಮಾರು 10% ಜನ ತಮಗೆ ಪೆನ್ಸಿಲಿನ್ ಅಲರ್ಜಿ ಎನ್ನುತ್ತಾರೆ. ಪರೀಕ್ಷಿಸಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಪೆನ್ಸಿಲಿನ್ ಸರಿಯಾಗೇ ಆಗುತ್ತದೆ. ಇನ್ನೊಂದು ಕಾರಣವೂ ಇದೆ: ನಿಜವಾದ ಅಲರ್ಜಿಯೂ ಮಾಸುತ್ತದೆ. ಐಜಿಇ ಬಗೆಯ ಅಲರ್ಜಿ ಇದ್ದವರಲ್ಲೇ ಸುಮಾರು 80% ಜನರಿಗೆ 10 ವರ್ಷದ ಹೊತ್ತಿಗೆ ಅದು ಇರುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಟೈಮ್‌ಸ್ಟ್ಯಾಂಪ್ ಇಲ್ಲದ ಬೂಲಿಯನ್. ಒಮ್ಮೆ ಟ್ರೂ ಆದಮೇಲೆ ಯಾರೂ ಮತ್ತೆ ಚೆಕ್ ಮಾಡಿಲ್ಲ.

ಚೆಕ್ ಮಾಡುವುದು ಹೇಗೆ? ವೈದ್ಯರು ಬಳಸುವ ಪೆನ್-ಫಾಸ್ಟ್ ಎಂಬ ಸರಳ ಲೆಕ್ಕವಿದೆ. ರಿಯಾಕ್ಷನ್ ಆಗಿ 5 ವರ್ಷ ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ 2 ಅಂಕ. ಮುಖ-ತುಟಿ ಊದಿ, ಉಸಿರು ಕಟ್ಟಿ ಅಥವಾ ಚರ್ಮ ಸುಲಿದು ತೀವ್ರವಾಗಿದ್ದರೆ 2. ಅದಕ್ಕೆ ಚಿಕಿತ್ಸೆ ಬೇಕಾಗಿದ್ದರೆ, ಅಥವಾ ಬೇಕಾಗಿತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ, 1. ಮೊತ್ತ 3ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. ನಮ್ಮ ಗೆಳೆಯನದು ಸೊನ್ನೆ; ಅಂಥವರಲ್ಲಿ ನಿಜವಾದ ಅಲರ್ಜಿ ಸಿಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಅಂಕ ಕಡಿಮೆ ಬಂತು ಅಂತ ಹಾಸ್ಟೆಲ್ ರೂಮಲ್ಲಿ ಮಾತ್ರೆ ನುಂಗಿ ನೋಡುವ ಹಾಗಿಲ್ಲ. ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರುವ ಕಡೆ, ವೈದ್ಯರ ಕಣ್ಣೆದುರೇ ಆಗಬೇಕು. ಹಿಂದೆ ಬಾಯಿ, ಕಣ್ಣು, ಚರ್ಮ ಸುಲಿದು ಬೊಬ್ಬೆ ಎದ್ದವರಿಗಂತೂ (ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್) ಈ ಪರೀಕ್ಷೆ ಮಾಡುವುದೇ ಇಲ್ಲ, ಎಷ್ಟೇ ವರ್ಷ ಕಳೆದಿರಲಿ.

ಗೆಳೆಯ ರಜೆಯಲ್ಲಿ ಅಲರ್ಜಿ ತಜ್ಞರ ಹತ್ತಿರ ಹೋದ. ಕಥೆ ಕೇಳಿ, ಒಂದು 250 ಮಿಲಿಗ್ರಾಂ ಅಮಾಕ್ಸಿಸಿಲಿನ್ ನುಂಗಿಸಿ, ಒಂದು ಗಂಟೆ ಅಲ್ಲೇ ಕೂರಿಸಿದರು. ಅವನು ಕ್ರಿಕೆಟ್ ನೋಡುತ್ತಾ ಕೂತಿದ್ದನಂತೆ, ಏನೂ ಆಗಲಿಲ್ಲ. ತಡವಾಗಿ ದದ್ದು ಬರಬಹುದು, ಬಂದರೆ ಫೋಟೋ ತೆಗೆದು ಕಳಿಸು ಅಂದಿದ್ದರು. ಅದೂ ಬರಲಿಲ್ಲ.

ಈಗ ಅವನ ಫೈಲಿನಲ್ಲಿ "ಅಲರ್ಜಿ ಇಲ್ಲ" ಅಂತ ತಾರೀಖು ಸಮೇತ ಬರೆದಿದೆ. ಕ್ಲಿಂಡಾಮೈಸಿನ್ ಎದುರು "ಭೇದಿ, ಅಡ್ಡಪರಿಣಾಮ" ಅಂತಿದೆ. ಊರಿನ ಡಾಕ್ಟರ ಹಳೇ ಚೀಟಿಯಲ್ಲಿ ಮಾತ್ರ ಕೆಂಪು ಶಾಯಿಯ ಪೆನ್ಸಿಲಿನ್ ಇನ್ನೂ ಹಾಗೇ ಇದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಹೊಡೆದುಹಾಕಿಸಬೇಕು ಅಂತ ನಾವು ನೆನಪಿಸುತ್ತಲೇ ಇದ್ದೇವೆ.